ಶಸ್ತ್ರಚಿಕಿತ್ಸೆ 71, ಸರಿ, ಕಣ್ಣು ಕಂಡಿತೇ?

‘ಗಣ್ಯರ ದಿವ್ಯ ಸಾನ್ನಿಧ್ಯದಲ್ಲಿ ದೀಪ ಬೆಳಗಿಸುವುದರೊಂದಿಗೆ ಉದ್ಘಾಟನೆಗೊಂಡ ನಾಲ್ಕು ಬೃಹತ್ ಉಚಿತ ನೇತ್ರ ತಪಾಸಣಾ ಶಿಬಿರಗಳು ಅಭೂತಪೂರ್ವ ಯಶಸ್ಸು ಕಂಡು, ನೂರಾರು ಬಡವರ ಬಾಳಿಗೆ ಬೆಳಕಾದವು.’ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಸಣ್ಣ ಸಂಸ್ಥೆಗಳ ವಾರ್ಷಿಕ ವರದಿ ತಿದ್ದುವ ನನಗೆ ಈ ವಾಕ್ಯ ಪ್ರತಿ ಮಳೆಗಾಲದಲ್ಲಿ ಯಾವುದಾದರೊಂದು ರೂಪದಲ್ಲಿ ಎದುರಾಗುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿದಿರುತ್ತದೆ, ಸರ್ವಸಾಧಾರಣ ಸಭೆ ಹತ್ತಿರ ಬಂದಿರುತ್ತದೆ, ಕಾರ್ಯದರ್ಶಿಗಳು ವರದಿ ಹಿಡಿದು ಬರುತ್ತಾರೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ವರ್ಷವಿಡೀ ಸ್ವಂತ ಪೆಟ್ರೋಲ್ ಸುಟ್ಟು ಹಳ್ಳಿ ಸುತ್ತಿದವರು ಅವರು. ಆದರೆ ಆ ವಾಕ್ಯ ಓದಿದ ದಾನಿಗೆ ಒಂದೂ ಸಂಗತಿ ತಿಳಿಯುವುದಿಲ್ಲ.

‘ಅಭೂತಪೂರ್ವ’, ‘ಬೃಹತ್’ ಇವುಗಳನ್ನು ಹೊಡೆದುಹಾಕಲು ಯಾರೂ ಹೆಚ್ಚು ತಕರಾರು ಮಾಡುವುದಿಲ್ಲ. ತಕರಾರು ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. ‘ಚಟುವಟಿಕೆ ಬೇಡ, ಪರಿಣಾಮ ಬರೆಯಿರಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ದೀಪದ ಸಾಲು ತೆಗೆದು ‘71 ಜನರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಲಾಯಿತು’ ಎಂದು ಬರೆದು, ಇದೇ ಪರಿಣಾಮ ಎಂದು ತೋರಿಸುತ್ತಾರೆ. ಅಲ್ಲ. ಅದು ನಡೆದ ಕೆಲಸದ ಎಣಿಕೆ. ಶಿಬಿರ ಎಷ್ಟು, ಬಂದವರು ಎಷ್ಟು, ಶಸ್ತ್ರಚಿಕಿತ್ಸೆ ಎಷ್ಟು ಎಂಬ ಮೂರೂ ಸಂಸ್ಥೆ ಏನು ಮಾಡಿತು ಎನ್ನುವುದಕ್ಕೆ ಉತ್ತರ. ಆ ಮನುಷ್ಯನಿಗೆ ಏನಾಯಿತು ಎನ್ನುವ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪೊರೆ ತೆಗೆಸುವುದು ಕಣ್ಣು ಕಾಣಲೆಂದು. ಆದ್ದರಿಂದ ಪರಿಣಾಮವೆಂದರೆ ಕಂಡಿತೇ, ಎಷ್ಟು ಕಂಡಿತು ಎನ್ನುವುದು.

ಒಂದು ಟ್ರಸ್ಟಿನ ವರದಿಯನ್ನೇ ತೆಗೆದುಕೊಳ್ಳೋಣ. ಗುರುತು ಸಿಗದಿರಲೆಂದು ಅಂಕಿಗಳನ್ನು ಬದಲಿಸಿದ್ದೇನೆ. ಕಾರ್ಯದರ್ಶಿಗಳು ನಿವೃತ್ತ ಮಾಸ್ತರು. ‘ಕಂಡಿತೋ ಇಲ್ಲವೋ ಎಂದು ನಮಗೆ ಹೇಗೆ ಗೊತ್ತಾಗಬೇಕು? ಅದು ಡಾಕ್ಟರ ಕೆಲಸ’ ಎಂದರು. ಗೊತ್ತಾಗುವ ದಾರಿ ಅವರ ಕಪಾಟಿನಲ್ಲೇ ಇತ್ತು. ಶಸ್ತ್ರಚಿಕಿತ್ಸೆಯಾಗಿ ನಾಲ್ಕರಿಂದ ಎಂಟು ವಾರಗಳಲ್ಲಿ ಮರುತಪಾಸಣೆ ನಡೆಯುತ್ತದೆ, ಆಗ ಅಕ್ಷರದ ಫಲಕ ಓದಿಸಿ ದೃಷ್ಟಿಯನ್ನು ಚೀಟಿಯಲ್ಲಿ ಬರೆಯುತ್ತಾರೆ. 6/18 ಎಂದಿದ್ದರೆ, ಆರೋಗ್ಯವಂತ ಕಣ್ಣು ಹದಿನೆಂಟು ಮೀಟರ್ ದೂರದಿಂದ ಓದುವುದನ್ನು ಈ ಕಣ್ಣು ಆರು ಮೀಟರಿನಿಂದ ಓದುತ್ತದೆ ಎಂದರ್ಥ. ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಕಂಡರೆ ಒಳ್ಳೆಯ ಫಲಿತಾಂಶ ಎಂದು ಎಣಿಸುವುದು ಬಹುಕಾಲದ ರೂಢಿ. ಈಚೆಗೆ 6/12 ಎಂಬ ಬಿಗಿಯಾದ ಅಳತೆಯೂ ಬಳಕೆಯಲ್ಲಿದೆ. ನಿಮ್ಮ ಕಣ್ಣಿನ ವೈದ್ಯರು ಯಾವುದನ್ನು ಒಪ್ಪುತ್ತಾರೋ ಅದನ್ನೇ ಬಳಸಿ, ಬಳಸಿದ್ದನ್ನು ವರದಿಯಲ್ಲಿ ಹೇಳಿ, ಮುಂದಿನ ವರ್ಷ ಬದಲಿಸಬೇಡಿ.

ಚೀಟಿಗಳನ್ನು ಮೇಜಿನ ಮೇಲೆ ಹರಡಿ ಕುಳಿತೆವು. 71 ಜನರಲ್ಲಿ 12 ಮಂದಿಗೆ ಶಸ್ತ್ರಚಿಕಿತ್ಸೆಯಾದದ್ದು ಮಾರ್ಚಿನಲ್ಲಿ. ಮಾರ್ಚ್ 31ಕ್ಕೆ ಅವರ ಮರುತಪಾಸಣೆಯ ಸಮಯವೇ ಬಂದಿರಲಿಲ್ಲ, ಹಾಗಾಗಿ ಅವರನ್ನು ಪಕ್ಕಕ್ಕಿಟ್ಟೆವು. ಉಳಿದ 59 ಮಂದಿಯಲ್ಲಿ ಮರುತಪಾಸಣೆಗೆ ಬಂದವರು 51. ಅವರಲ್ಲಿ 42 ಮಂದಿಯ ದೃಷ್ಟಿ 6/18 ಅಥವಾ ಅದಕ್ಕಿಂತ ಚೆನ್ನಾಗಿತ್ತು.

ಮಾಸ್ತರು ಕ್ಯಾಲ್ಕುಲೇಟರ್ ಒತ್ತಿ ‘ಶೇಕಡಾ 82! ಇದನ್ನು ದಪ್ಪ ಅಕ್ಷರದಲ್ಲಿ ಹಾಕೋಣ’ ಎಂದರು. ಲೆಕ್ಕ ತಪ್ಪಲ್ಲ. ಆದರೆ ಬಾರದೆ ಉಳಿದ ಆ ಎಂಟು ಮಂದಿಯ ಕಥೆ ಏನು? ಚೆನ್ನಾಗಿ ಕಾಣುತ್ತಿದೆ, ಮತ್ತೇಕೆ ಬಸ್ಸಿಗೆ ದುಡ್ಡು ಎಂದು ಮನೆಯಲ್ಲೇ ಉಳಿದವರು ಇರಬಹುದು. ಏನೂ ಸುಧಾರಿಸಲಿಲ್ಲ, ಇನ್ನು ಹೋಗಿ ಪ್ರಯೋಜನವೇನು ಎಂದುಕೊಂಡವರೂ ಇರಬಹುದು. ಎಂಟನ್ನೂ ಸೋಲೆಂದು ಎಣಿಸಿದರೆ ಶೇಕಡಾ 71ಕ್ಕೆ ಇಳಿಯುತ್ತದೆ, ಎಂಟನ್ನೂ ಗೆಲುವೆಂದು ಎಣಿಸಿದರೆ 85ಕ್ಕೆ ಏರುತ್ತದೆ. ನಿಜ ಇವೆರಡರ ನಡುವೆ ಎಲ್ಲೋ ಇದೆ. ಹಾಗಾಗಿ ಇಷ್ಟು ಸಣ್ಣ ಸಂಖ್ಯೆಗೆ ಶೇಕಡಾವಾರು ಬೇಡ, ಎಷ್ಟರಲ್ಲಿ ಎಷ್ಟು ಎಂದು ತಲೆ ಎಣಿಕೆಯಲ್ಲೇ ಹೇಳಿ ಎಂಬುದು ನನ್ನ ಸಲಹೆ. ವರದಿಯಲ್ಲಿ ಶೇಕಡಾ ಮಾತ್ರ ಇದ್ದು ಮೂಲಸಂಖ್ಯೆ ಇಲ್ಲದಿದ್ದರೆ ಅನುಭವಿ ದಾನಿ ಮೊದಲು ಅನುಮಾನಿಸುವುದು ಅದನ್ನೇ.

ಇನ್ನು, ಸುಧಾರಿಸದ ಒಂಬತ್ತು ಮಂದಿ. ಇದನ್ನು ಬರೆದರೆ ಮಾನ ಹೋಗುತ್ತದೆ ಎಂಬ ಭಯ ಎಲ್ಲ ಸಮಿತಿಗಳಲ್ಲೂ ಇದೆ. ಚೀಟಿ ನೋಡಿದರೆ ಐದು ಮಂದಿಗೆ ಬೇಕಾಗಿದ್ದದ್ದು ಬರೀ ಕನ್ನಡಕ, ನಾಲ್ವರಿಗೆ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಮೊದಲೇ ಹಾಳಾಗಿತ್ತು. ಪೊರೆ ತೆಗೆದರೂ ಅಂಥವರಿಗೆ ಪೂರ್ತಿ ಕಾಣುವುದು ಕಷ್ಟ. ಕನ್ನಡಕದ ಸಂಗತಿ ತಿಳಿದ ಕೂಡಲೇ ಖಜಾಂಚಿಯವರು ಮುಂದಿನ ವರ್ಷದ ಅಂದಾಜಿನಲ್ಲಿ ಅದಕ್ಕೊಂದು ಬಾಬತ್ತು ಸೇರಿಸಿದರು. ‘ಬಾಳಿಗೆ ಬೆಳಕಾದವು’ ಎಂದು ಬರೆದು ಮುಗಿಸಿದ್ದರೆ ಆ ಐದು ಮಂದಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಒಂದೂವರೆ ಪುಟವಿದ್ದ ಭಾಗ ಕೊನೆಗೆ ಹೀಗಾಯಿತು:

‘ನಾಲ್ಕು ಶಿಬಿರಗಳಲ್ಲಿ 412 ಮಂದಿಯ ಕಣ್ಣು ತಪಾಸಣೆ ನಡೆಯಿತು. ಪೊರೆಯ ಶಸ್ತ್ರಚಿಕಿತ್ಸೆ ಅಗತ್ಯವೆಂದು ವೈದ್ಯರು ಸೂಚಿಸಿದ 96 ಮಂದಿಯಲ್ಲಿ 71 ಮಂದಿ ಮಾಡಿಸಿಕೊಂಡರು. ಮರುತಪಾಸಣೆಯ ಅವಧಿ ತಲುಪಿದ್ದ 59 ಮಂದಿಯಲ್ಲಿ 51 ಮಂದಿ ಬಂದರು. ಅವರಲ್ಲಿ 42 ಮಂದಿಯ ದೃಷ್ಟಿ 6/18 ಅಥವಾ ಅದಕ್ಕಿಂತ ಉತ್ತಮವಾಗಿದೆ. ಐವರಿಗೆ ಕನ್ನಡಕ ಬೇಕಾಗಿದೆ, ನಾಲ್ವರಿಗೆ ಅಕ್ಷಿಪಟಲದ ತೊಂದರೆಯಿದೆ. ಬಾರದ ಎಂಟು ಮಂದಿಯ ಸ್ಥಿತಿ ತಿಳಿದಿಲ್ಲ. ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆ ನಡೆಸಿತು. ತಪಾಸಣೆಗೆ ಜನರನ್ನು ಸೇರಿಸುವುದು, ಓಡಾಟದ ವ್ಯವಸ್ಥೆ ಮತ್ತು ಮರುತಪಾಸಣೆಯ ನೆನಪು ನಮ್ಮ ಕೆಲಸವಾಗಿತ್ತು.’

ಕೊನೆಯ ಎರಡು ವಾಕ್ಯ ಬಿಡಬೇಡಿ. ಇಂಥ ಶಿಬಿರಗಳ ಹಿಂದೆ ಬಹಳ ಸಲ ಆಸ್ಪತ್ರೆಯೂ ಇರುತ್ತದೆ, 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಹಣವೂ ಇರುತ್ತದೆ. ಅದೇ 42 ಕಣ್ಣುಗಳನ್ನು ಮೂರು ಸಂಸ್ಥೆಗಳು ತಮ್ಮ ತಮ್ಮ ವರದಿಯಲ್ಲಿ ‘ನಾವು ಕೊಟ್ಟ ದೃಷ್ಟಿ’ ಎಂದು ಬರೆದುಕೊಂಡರೆ ಜಿಲ್ಲೆಯಲ್ಲಿ 126 ಕಣ್ಣು ತೆರೆದಂತಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಹೋಗದೆ ಉಳಿದ 25 ಮಂದಿಯ ಬಗ್ಗೆ ಸ್ವಯಂಸೇವಕರು ಫೋನು ಮಾಡಿ ವಿಚಾರಿಸಿದರು. ಜೊತೆಗೆ ಬರಲು ಮನೆಯಲ್ಲಿ ಜನರಿಲ್ಲ ಎನ್ನುವುದು ಹೆಚ್ಚಿನವರ ಉತ್ತರ. ಶಿಬಿರ ಇಟ್ಟದ್ದು ಅಡಿಕೆ ಕೊಯ್ಲಿನ ದಿನಗಳಲ್ಲಿ, ಬೇರೆ ಉತ್ತರ ಬರುವುದಾದರೂ ಹೇಗೆ?

ಒಬ್ಬ ಅಜ್ಜಿ ಮತ್ತೆ ಅಡಿಕೆ ಸುಲಿಯಲು ಕುಳಿತ ಕಥೆಯನ್ನು ಸೇರಿಸಲು ಮಾಸ್ತರಿಗೆ ಬಹಳ ಆಸೆ. ಅಜ್ಜಿಯ ಒಪ್ಪಿಗೆ ಕೇಳಿ, ಊರಿನ ಹೆಸರು ಬಿಟ್ಟು, ಎರಡು ವಾಕ್ಯದಲ್ಲಿ ಅಂಕಿಗಳ ಕೆಳಗೆ ಹಾಕಿದೆವು. ಅಂಕಿಗಳ ಬದಲಿಗೆ ಹಾಕಿದ್ದರೆ ನಾನು ಒಪ್ಪುತ್ತಿರಲಿಲ್ಲ. ಹಾಗೆಯೇ ಎಲ್ಲ ಕೆಲಸಕ್ಕೂ ಅದೇ ವರ್ಷ ಪರಿಣಾಮ ಹುಡುಕಬೇಡಿ. ಜೂನಿನಲ್ಲಿ ನೆಟ್ಟ ಗಿಡ ಉಳಿಯಿತೇ ಎನ್ನುವುದು ಒಂದು ಬೇಸಿಗೆ ಕಳೆದ ಮೇಲಿನ ಮಾತು, ಅಲ್ಲಿಯವರೆಗೆ ‘ನೆಟ್ಟಿದ್ದೇವೆ’ ಎಂದರೆ ಸಾಕು.

‘ಉದ್ಘಾಟಕರ ಹೆಸರು ತೆಗೆದರೆ ಮುಂದಿನ ವರ್ಷ ಕರೆಯಲು ಯಾವ ಮುಖ ಇಟ್ಟುಕೊಂಡು ಹೋಗಲಿ?’ ಎಂದು ಮಾಸ್ತರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಅತಿಥಿಗಳು, ಜಾಗ ಕೊಟ್ಟವರು, ಉಪ್ಪಿಟ್ಟು ಮಾಡಿ ಬಡಿಸಿದವರು ಎಲ್ಲರ ಹೆಸರೂ ವರದಿಯ ಕೊನೆಯಲ್ಲಿ ಕೃತಜ್ಞತೆಯ ಪುಟಕ್ಕೆ ಹೋದವು. ಅದು ಎರಡು ಪುಟವಾಯಿತು, ನಾನು ಒಂದು ಹೆಸರನ್ನೂ ಕತ್ತರಿಸಲಿಲ್ಲ. ಬದಲಿಗೆ ಶಿಬಿರದ ನೋಂದಣಿ ಪುಸ್ತಕದಲ್ಲಿ ಮೂರು ಅಂಕಣ ಹೆಚ್ಚಿಸಲು ಒಪ್ಪಿಸಿದೆ: ಶಸ್ತ್ರಚಿಕಿತ್ಸೆಯ ದಿನಾಂಕ, ಮರುತಪಾಸಣೆಯ ದಿನಾಂಕ, ಅಂದು ಕಂಡ ದೃಷ್ಟಿ. ಮಾರ್ಚಿನ ಆ 12 ಮಂದಿಯ ಹೆಸರನ್ನು ಅದರಲ್ಲಿ ಮೊದಲು ಬರೆಯಬೇಕು.