ಲ್ಯಾಗಿಂಗ್ ಎಳೆಯ ಒಂದು ತುಣುಕಿನ ಲೆಕ್ಕ

ಡಿಎನ್‌ಎ ನಕಲಿನ ಬಗ್ಗೆ ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಒಂದು ವಾಕ್ಯವಿದೆ: "ಲೀಡಿಂಗ್ ಎಳೆ 5′ರಿಂದ 3′ ಕಡೆಗೆ, ಲ್ಯಾಗಿಂಗ್ ಎಳೆ 3′ರಿಂದ 5′ ಕಡೆಗೆ ಬೆಳೆಯುತ್ತದೆ." ಹಾಗಿದ್ದಿದ್ದರೆ ಲ್ಯಾಗಿಂಗ್ ಎಳೆಯನ್ನು ತುಣುಕು ತುಣುಕಾಗಿ ಕಟ್ಟುವ ರಗಳೆಯೇ ಇರುತ್ತಿರಲಿಲ್ಲ. ಹೊಸ ಎಳೆಗಳೆರಡೂ ಬೆಳೆಯುವುದು 5′ರಿಂದ 3′ ಕಡೆಗೇ.

ಕಾರಣ ಡಿಎನ್‌ಎ ಪಾಲಿಮರೇಸ್ ಕಿಣ್ವದ ಸ್ವಭಾವದಲ್ಲಿದೆ. ಅದು ಹೊಸ ನ್ಯೂಕ್ಲಿಯೋಟೈಡನ್ನು ಎಳೆಯ 3′ ತುದಿಗೆ ಮಾತ್ರ ಕಟ್ಟಬಲ್ಲದು. ಕಟ್ಟಲು ಬೇಕಾದ ಶಕ್ತಿಯನ್ನು, ಬರುವ ನ್ಯೂಕ್ಲಿಯೋಟೈಡೇ ತನ್ನ ಮೂರು ಫಾಸ್ಫೇಟ್‌ಗಳಲ್ಲಿ ಹೊತ್ತು ತರುತ್ತದೆ. ತಪ್ಪು ಅಕ್ಷರ ಕೂತರೆ ಅದನ್ನು ಕತ್ತರಿಸಿ ತೆಗೆಯಬಹುದು, ಮುಂದೆ ಬರುವುದು ತನ್ನ ಶಕ್ತಿಯನ್ನು ತಾನೇ ತರುತ್ತದಲ್ಲ. ಎಳೆ ತಿರುಗುಮುರುಗಾಗಿ ಬೆಳೆಯುತ್ತಿದ್ದರೆ ಆ ಫಾಸ್ಫೇಟ್‌ಗಳು ಬೆಳೆಯುವ ತುದಿಯಲ್ಲೇ ಇರಬೇಕಾಗುತ್ತಿತ್ತು. ಆಗ ತಪ್ಪು ತಿದ್ದಲು ತುದಿ ಕತ್ತರಿಸಿದರೆ ಶಕ್ತಿಯೂ ಹೋಗಿ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಇ. ಕೋಲಿ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳೋಣ. ಅದರ ಉಂಗುರದಂಥ ಕ್ರೋಮೋಸೋಮಿನಲ್ಲಿ ಸುಮಾರು 46 ಲಕ್ಷ ಬೇಸ್ ಜೋಡಿಗಳಿವೆ. ಒಂದೇ ಜಾಗದಿಂದ, ಹಳೆಯ ಎಳೆಗಳು ಬಿಚ್ಚಿಕೊಂಡು ನಕಲಾಗುವ ಎರಡು ಕವಲುಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಪ್ರತಿ ಕವಲಿನ ಪಾಲು 23 ಲಕ್ಷ, ವೇಗ ಸೆಕೆಂಡಿಗೆ ಸುಮಾರು 1000. ಹಾಗಾಗಿ ಇಡೀ ಕೆಲಸಕ್ಕೆ 40 ನಿಮಿಷ ಸಾಕು. ಒಂದು ಹಳೆಯ ಎಳೆ ಒಂದು ಕವಲಿನಲ್ಲಿ ಲೀಡಿಂಗ್ ಎಳೆಗೆ ಅಚ್ಚಾದರೆ, ಎದುರಿನ ಕವಲಿನಲ್ಲಿ ಅದೇ ಎಳೆ ಲ್ಯಾಗಿಂಗ್‌ಗೆ ಅಚ್ಚಾಗುತ್ತದೆ. "ಲೀಡಿಂಗ್" ಎನ್ನುವುದು ಕವಲಿಗೆ ಸೇರಿದ ಹೆಸರು, ಎಳೆಗೆ ಅಂಟಿದ್ದಲ್ಲ.

ಕವಲಿನ ಮುಂದೆ ಹೆಲಿಕೇಸ್ ಎರಡು ಎಳೆಗಳನ್ನು ಬಿಡಿಸುತ್ತಾ ಸಾಗುತ್ತದೆ. ಸುಮಾರು ಹತ್ತೂವರೆ ಜೋಡಿಗೆ ಒಂದು ಸುತ್ತಿರುವುದರಿಂದ ಸೆಕೆಂಡಿಗೆ ನೂರರ ಹತ್ತಿರ ಸುತ್ತು ಬಿಚ್ಚಬೇಕು, ಅಷ್ಟೇ ಬಿಗುವು ಮುಂದೆ ಕಟ್ಟಿಕೊಳ್ಳುತ್ತದೆ. ಗೈರೇಸ್ ಕಿಣ್ವ ಎರಡೂ ಎಳೆಗಳನ್ನು ಕತ್ತರಿಸಿ, ಸುತ್ತು ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಏಟು ಕೊಡುವುದು ಇಲ್ಲಿಗೇ: ಕತ್ತರಿಸಿದ ತುದಿಗಳು ಬೆಸೆಯದೆ ಉಳಿಯುತ್ತವೆ. ಬಿಚ್ಚಿದ ಒಂಟಿ ಎಳೆಗಳು ಮತ್ತೆ ಅಂಟಿಕೊಳ್ಳದಂತೆ ಎಸ್‌ಎಸ್‌ಬಿ ಪ್ರೋಟೀನ್ ಮೈತುಂಬ ಕೂರುತ್ತದೆ.

ಲೀಡಿಂಗ್ ಎಳೆಯದು ಸರಳ. ಶುರುಮಾಡಲು ಪ್ರೈಮರ್ ಎಂಬ ಒಂದು ಗಿಡ್ಡ ತುಂಡು ಸಿಕ್ಕರೆ ಪಾಲಿಮರೇಸ್ III ಹೆಲಿಕೇಸಿನ ಬೆನ್ನಿಗೇ ಓಡುತ್ತದೆ. ಲ್ಯಾಗಿಂಗ್ ಎಳೆ ಮಾತ್ರ ಕವಲು ಸಾಗುವ ದಿಕ್ಕಿಗೆ ಬೆನ್ನು ಹಾಕಿ ಬೆಳೆಯಬೇಕು. ಹಾಗಾಗಿ ಅಚ್ಚು ಸ್ವಲ್ಪ ತೆರೆದುಕೊಂಡ ಮೇಲೆ ಒಂದು ತುಣುಕು, ಇನ್ನಷ್ಟು ತೆರೆದ ಮೇಲೆ ಇನ್ನೊಂದು.

ಒಂದು ತುಣುಕನ್ನು ಹಿಂಬಾಲಿಸಿ ನೋಡಿ. ಪ್ರೈಮೇಸ್ ಹತ್ತು ಹನ್ನೆರಡು ಅಕ್ಷರದ ಆರ್‌ಎನ್‌ಎ ಪ್ರೈಮರ್ ಇಡುತ್ತದೆ, ಏಕೆಂದರೆ ಪಾಲಿಮರೇಸಿಗೆ ಬರಿಗೈಯಲ್ಲಿ ಶುರುಮಾಡಲು ಬರುವುದಿಲ್ಲ. ಅದರ ಮೇಲೆ ಕ್ಲ್ಯಾಂಪ್ ಲೋಡರ್ ಎನ್ನುವ ಯಂತ್ರ ಉಂಗುರದಾಕಾರದ ಕ್ಲ್ಯಾಂಪನ್ನು ತೊಡಿಸುತ್ತದೆ. ಈ ಉಂಗುರವಿಲ್ಲದಿದ್ದರೆ ಪಾಲಿಮರೇಸ್ III ಹತ್ತಿಪ್ಪತ್ತು ಅಕ್ಷರ ಜೋಡಿಸುವಷ್ಟರಲ್ಲಿ ಜಾರಿಬೀಳುತ್ತದೆ. ಉಂಗುರ ಹಿಡಿದರೆ 1000ದಿಂದ 2000 ಅಕ್ಷರ ಜೋಡಿಸಿ, ಹಿಂದಿನ ತುಣುಕಿನ ಪ್ರೈಮರ್ ಎದುರಾದಾಗ ಕ್ಲ್ಯಾಂಪನ್ನು ಅಲ್ಲೇ ಬಿಟ್ಟು ಮುಂದಿನ ಪ್ರೈಮರಿಗೆ ಹೋಗುತ್ತದೆ. ಇಷ್ಟೂ ಒಂದೆರಡು ಸೆಕೆಂಡಿನ ಕೆಲಸ. 1500ರ ಸರಾಸರಿ ಹಿಡಿದರೆ ಎರಡು ಕವಲುಗಳಿಂದ ಸುಮಾರು 3000 ತುಣುಕು.

ಉಳಿದದ್ದು ರಿಪೇರಿ. ಪಾಲಿಮರೇಸ್ I ಮುಂದಿರುವ ಆರ್‌ಎನ್‌ಎಯನ್ನು ಮೆಲ್ಲುತ್ತಾ, ಆ ಜಾಗವನ್ನು ಡಿಎನ್‌ಎಯಿಂದ ತುಂಬುತ್ತಾ ಹೋಗುತ್ತದೆ. ಕೊನೆಗೆ ಅಕ್ಷರವೆಲ್ಲ ಭರ್ತಿಯಾಗಿದ್ದರೂ ಒಂದು ಬಂಧ ಮಾತ್ರ ಕಟ್ಟಿರುವುದಿಲ್ಲ. ಪಾಲಿಮರೇಸಿಗೆ ಇದು ಆಗದ ಕೆಲಸ: ಆಚೆ ತುದಿಯಲ್ಲಿ ಉಳಿದಿರುವುದು ಒಂದೇ ಫಾಸ್ಫೇಟ್, ಬಂಧ ಕಟ್ಟುವ ಶಕ್ತಿ ಅದರಲ್ಲಿಲ್ಲ. ಲೈಗೇಸ್ ಹೊರಗಿನಿಂದ ಶಕ್ತಿ ತಂದು ಬೆಸೆಯುತ್ತದೆ, ಇ. ಕೋಲಿಯಲ್ಲಿ ಎನ್‌ಎಡಿಯಿಂದ, ನಮ್ಮ ಜೀವಕೋಶಗಳಲ್ಲಿ ಎಟಿಪಿಯಿಂದ.

ಈ ಸೀಳು ಹೊರಗೆ ಕಾಣದು, ಅಚ್ಚಿನ ಎಳೆ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಕ್ಷಾರ ಹಾಕಿ ಎಳೆಗಳನ್ನು ಬೇರ್ಪಡಿಸಿದರೆ ಮಾತ್ರ ತುಂಡುಗಳು ಉದುರುತ್ತವೆ. ಜಪಾನಿನ ಒಕಾಜಾಕಿ ದಂಪತಿ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ಪ್ರಯೋಗದ ಗುಟ್ಟು ಇದೇ. ಬ್ಯಾಕ್ಟೀರಿಯಾಕ್ಕೆ ಕೆಲವೇ ಸೆಕೆಂಡು ವಿಕಿರಣಶೀಲ ಥೈಮಿಡಿನ್ ಉಣಿಸಿ, ಕ್ಷಾರದಲ್ಲಿ ಗಾತ್ರ ನೋಡಿದಾಗ ಗುರುತು ಹೆಚ್ಚಾಗಿ ಗಿಡ್ಡ ತುಣುಕುಗಳಲ್ಲೇ ಇತ್ತು. ಹೆಚ್ಚು ಹೊತ್ತು ಬಿಟ್ಟರೆ ಉದ್ದ ಎಳೆಗೆ ಸೇರುತ್ತಿತ್ತು. ಲೈಗೇಸ್ ಕೆಟ್ಟ ಟಿ4 ವೈರಸ್‌ನಲ್ಲಿ ತುಣುಕುಗಳು ಉದ್ದವಾಗದೆ ಹಾಗೇ ಗುಡ್ಡೆ ಬಿದ್ದವು.