ಶಾರ್ಕಿನ ಮೂತಿಯ ಜೆಲ್ಲಿಗೆ ಏನು ಕೆಲಸ?

ಕಲಬುರಗಿಯಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಆದರೂ ಇಲ್ಲಿ ಪ್ರಾಣಿಶಾಸ್ತ್ರ ಓದಿದ ನಮ್ಮ ತಲೆಮಾರಿನವರೆಲ್ಲ ಶಾರ್ಕ್ ಕೊಯ್ದವರೇ. ಫಾರ್ಮಲಿನ್ ಡ್ರಮ್ಮಿನಲ್ಲಿ ಬರುತ್ತಿದ್ದ ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕ್ ಅದು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ನಾನು ಮೊದಲು ಕೊಯ್ದೆ, ಆಮೇಲೆ ಮೇಷ್ಟ್ರಾಗಿ ಹುಡುಗರಿಂದ ಕೊಯ್ಯಿಸಿದೆ. ಈಗ ಅದೆಲ್ಲ ನಿಂತಿದೆ, ನಿಂತಿದ್ದು ಒಳ್ಳೆಯದೇ ಆಯಿತು.

ಆ ಶಾರ್ಕಿನ ಮೂತಿಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂಥ ತೂತುಗಳು ಕಾಣುತ್ತಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದು ತೂತಿನಿಂದಲೂ ಗಂಜಿಯಂಥ ಜೆಲ್ಲಿ ಹೊರಗೆ ಬರುತ್ತಿತ್ತು. ಚರ್ಮ ಬಿಡಿಸಿದರೆ ಪ್ರತಿ ತೂತಿನ ಹಿಂದೆ ಒಂದು ತೆಳ್ಳನೆಯ ಕೊಳವೆ. ಕೊಳವೆಯ ತುದಿಯಲ್ಲಿ ಪುಟ್ಟ ಬುರುಡೆಯಂಥ ಗಂಟು. ಇವಕ್ಕೆ ಲೊರೆಂಜಿನಿಯ ಆಂಪುಲ್ಲಾ ಎಂದು ಹೆಸರು. ಇಟಲಿಯ ಸ್ಟೆಫಾನೋ ಲೊರೆಂಜಿನಿ 1678ರಲ್ಲೇ ಇವನ್ನು ವಿವರಿಸಿದ್ದ. ಒಂದು ಗಂಟನ್ನು ಕೊಳವೆ ಸಮೇತ ಹರಿಯದೆ ಬಿಡಿಸಿ ಸ್ಲೈಡಿನ ಮೇಲೆ ಇಟ್ಟರೆ ಪ್ರಾಕ್ಟಿಕಲ್ ಪರೀಕ್ಷೆ ಪಾಸು.

ವೈವಾದಲ್ಲಿ ಮುಂದಿನ ಪ್ರಶ್ನೆ, 'ಇದರ ಕೆಲಸ ಏನು?' ನಾನು ಓದಿದ ಗೈಡಿನಲ್ಲಿದ್ದ ಉತ್ತರ, 'ತಾಪಮಾನ ತಿಳಿಯುವುದು'. ಅದನ್ನೇ ಹೇಳಿ ಅಂಕ ತೆಗೆದುಕೊಂಡೆ. ಮೇಷ್ಟ್ರಾದ ಮೇಲೆ ಎರಡು ವರ್ಷ ಅದನ್ನೇ ಪಾಠ ಮಾಡಿದೆ. ಕೊನೆಗೆ ಚಿತ್ತಾಪುರ ಕಡೆಯ ಒಬ್ಬ ಹುಡುಗ ಎದ್ದು ನಿಂತು, "ಸರ್, ಬಿಸಿಲು ಐತೋ ಇಲ್ಲೋ ನೋಡಾಕ ಮೂತಿ ತುಂಬ ತೂತು ಯಾಕ ಬೇಕ್ರಿ? ಒಂದು ಸಾಲಂಗಿಲ್ಲೇನ್ರಿ?" ಎಂದು ಕೇಳಿದ. ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ಮನೆಗೆ ಹೋಗಿ ಹುಡುಕಿದೆ.

ಗೈಡಿನ ಉತ್ತರ ಗಾಳಿಯಿಂದ ಬಂದಿದ್ದೇನೂ ಅಲ್ಲ. 1938ರಲ್ಲಿ ಸ್ಯಾಂಡ್ ಎಂಬ ವಿಜ್ಞಾನಿ ಈ ಗಂಟಿನಿಂದ ಹೊರಡುವ ನರದ ಮಿಡಿತ ಅಳೆದಿದ್ದ. ತಂಪು ಮಾಡಿದರೆ ಮಿಡಿತ ಹೆಚ್ಚುತ್ತಿತ್ತು, ಬಿಸಿ ಮಾಡಿದರೆ ಕಡಿಮೆಯಾಗುತ್ತಿತ್ತು. ಅಳತೆ ಸರಿಯೇ. ಆದರೆ ಪ್ರಯೋಗಶಾಲೆಯಲ್ಲಿ ಒಂದು ನರ ಯಾವುದಕ್ಕೆ ಸ್ಪಂದಿಸುತ್ತದೋ, ನೀರಿನಲ್ಲಿ ಪ್ರಾಣಿ ಅದನ್ನು ಅದಕ್ಕಾಗಿಯೇ ಬಳಸುತ್ತದೆ ಎಂದೇನೂ ಇಲ್ಲ. 1960ರ ಹೊತ್ತಿಗೆ ಮರ್ರೆ ಎಂಬಾತ ಅದೇ ಗಂಟುಗಳಿಗೆ ತೀರಾ ಸಣ್ಣ ವಿದ್ಯುತ್ ಕೊಟ್ಟು ನೋಡಿದ. ನರ ತಕ್ಷಣ ಸ್ಪಂದಿಸಿತು.

ಈಗ ಜೆಲ್ಲಿಯ ವಿಷಯಕ್ಕೆ ಬರೋಣ. ಇಸಿಜಿ ಮಾಡಿಸುವಾಗ ಎದೆಗೆ ತಣ್ಣನೆಯ ಜೆಲ್ ಹಚ್ಚುತ್ತಾರಲ್ವಾ? ಅದು ಒಣಗಿದ್ದರೆ ಗೆರೆ ಅಡ್ಡಾದಿಡ್ಡಿ ಓಡುತ್ತದೆ. ಚರ್ಮದ ಮೇಲಿನ ವಿದ್ಯುತ್ತನ್ನು ತಂತಿಗೆ ಮುಟ್ಟಿಸುವುದು ಅದರ ಕೆಲಸ. ಶಾರ್ಕಿನ ಜೆಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಕೊಳವೆಯ ಗೋಡೆ ವಿದ್ಯುತ್ತನ್ನು ಸೋರಲು ಬಿಡುವುದಿಲ್ಲ, ಒಳಗಿನ ಜೆಲ್ಲಿ ಚೆನ್ನಾಗಿ ಹರಿಯಗೊಡುತ್ತದೆ. ಅಂದರೆ ಇದು ಪ್ಲಾಸ್ಟಿಕ್ ಹೊದಿಕೆಯ ತಂತಿ ಇದ್ದ ಹಾಗೆ. ಹೊರಗೆ ತೂತಿನ ಬಾಯಲ್ಲಿ ಎಷ್ಟು ವೋಲ್ಟೇಜ್ ಇದೆಯೋ ಅದನ್ನು ಹಾಗೆಯೇ ತಂದು ಒಳಗಿನ ಗಂಟಿಗೆ ಮುಟ್ಟಿಸುತ್ತದೆ. ಗಂಟಿನ ಗೋಡೆಯಲ್ಲಿರುವ ಜೀವಕೋಶಗಳಿಗೆ ಒಂದು ಕಡೆ ಜೆಲ್ಲಿ, ಇನ್ನೊಂದು ಕಡೆ ಶಾರ್ಕಿನ ಮೈ. ಎರಡರ ನಡುವಿನ ವ್ಯತ್ಯಾಸವನ್ನು ಅವು ನೋಡುತ್ತವೆ.

ನರ ಸುಮ್ನೆ ಕೂತಿರುವುದಿಲ್ಲ, ಯಾವಾಗಲೂ ಒಂದೇ ಲಯದಲ್ಲಿ ಮಿಡಿಯುತ್ತಿರುತ್ತದೆ. ತೂತಿನ ಬಾಯಿ ಸ್ವಲ್ಪ ಋಣವಾದರೆ ಮಿಡಿತ ಜೋರಾಗುತ್ತದೆ, ಧನವಾದರೆ ನಿಧಾನವಾಗುತ್ತದೆ. ಹುಡುಗನ ಪ್ರಶ್ನೆಗೆ ಉತ್ತರವೂ ಇಲ್ಲೇ ಇತ್ತು. ಕೊಳವೆಗಳು ಬೇರೆ ಬೇರೆ ದಿಕ್ಕಿಗೆ ಹರಡಿರುವುದರಿಂದ ಯಾವುದು ಜೋರು, ಯಾವುದು ನಿಧಾನ ಎಂದು ಹೋಲಿಸಿದರೆ ಬೇಟೆ ಯಾವ ಕಡೆ ಇದೆ ಎಂಬುದು ಸಿಗುತ್ತದೆ. ಒಂದೇ ತೂತಿದ್ದರೆ ಅದು ಸಾಧ್ಯವಿಲ್ಲ.

ಎಷ್ಟು ಸಣ್ಣ ವಿದ್ಯುತ್ತು? ಒಂದು ಸೆಂಟಿಮೀಟರಿಗೆ ಸುಮಾರು 5 ನ್ಯಾನೋವೋಲ್ಟ್ ಇದ್ದರೂ ಶಾರ್ಕಿಗೆ ತಿಳಿಯುತ್ತದೆ. ಟಾರ್ಚಿನ ಒಂದು ಸೆಲ್ 1.5 ವೋಲ್ಟಿನದು. ಆ 1.5 ವೋಲ್ಟನ್ನು ಸಮವಾಗಿ ಎಳೆದು ಹರಡಿದರೆ ಸೆಂಟಿಮೀಟರಿಗೆ 5 ನ್ಯಾನೋವೋಲ್ಟ್ ಬರಲು 3000 ಕಿಲೋಮೀಟರ್ ಬೇಕು. ಸೆಲ್ಲಿನ ಒಂದು ತುದಿ ಕಾಶ್ಮೀರದಲ್ಲಿ, ಇನ್ನೊಂದು ಕನ್ಯಾಕುಮಾರಿಯಲ್ಲಿ. ಕೊಳವೆ ಉದ್ದವಿದ್ದಷ್ಟೂ ಲಾಭ ಜಾಸ್ತಿ. ಹತ್ತು ಸೆಂಟಿಮೀಟರ್ ಕೊಳವೆಯಾದರೆ ಗಂಟಿನ ಹತ್ತಿರ 50 ನ್ಯಾನೋವೋಲ್ಟ್ ವ್ಯತ್ಯಾಸ ಸಿಗುತ್ತದೆ. ನಮ್ಮ ಎದೆಯ ಮೇಲೆ ಇಸಿಜಿ ಹಿಡಿಯುವುದು ಸುಮಾರು ಒಂದು ಮಿಲಿವೋಲ್ಟ್. ಅದರ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು ಇದು.

ಮರಳಲ್ಲಿ ಹೂತು ಕೂತ ಮೀನು ಈ ವಿದ್ಯುತ್ತನ್ನು ಬೇಕೆಂದು ಮಾಡುವುದಿಲ್ಲ. ಅದರ ಮೈಯೊಳಗಿನ ಉಪ್ಪಿಗೂ ಸಮುದ್ರದ ಉಪ್ಪಿಗೂ ಹೊಂದಾಣಿಕೆ ಇಲ್ಲ. ಬಾಯಿ, ಕಿವಿರುಗಳ ತೆಳುಪೊರೆಯಿಂದ ಅಯಾನುಗಳು ಸೋರುತ್ತವೆ, ಅಲ್ಲೊಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಉಸಿರಾಡಲು ಬಾಯಿ ತೆರೆದು ಮುಚ್ಚಿದಂತೆಲ್ಲ ಅದು ಏರಿಳಿಯುತ್ತದೆ. ಬಣ್ಣ ಮರೆಸಬಹುದು, ಅಲುಗಾಡದೆ ಇರಬಹುದು, ಉಸಿರು ಎಷ್ಟು ಹೊತ್ತು ಬಿಗಿಹಿಡಿದೀತು?

ಶಾರ್ಕ್ ಇದನ್ನು ನಿಜವಾಗಿ ಬೇಟೆಗೆ ಬಳಸುತ್ತದೆ ಎಂದು ತೋರಿಸಿದವರು ಕಾಲ್ಮಿನ್. 1971ರಲ್ಲಿ ಅವರು ಪ್ರಕಟಿಸಿದ ಪ್ರಯೋಗವನ್ನು ನಾನು ಈಗಲೂ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಒಂದು ಚಪ್ಪಟೆ ಮೀನನ್ನು ಅಗರ್ ಗೋಡೆಯ ಪೆಟ್ಟಿಗೆಯಲ್ಲಿಟ್ಟು ಮರಳಿನಲ್ಲಿ ಹೂತರು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತೇವಲ್ಲ, ಅದೇ ಅಗರ್. ಅದು ವಿದ್ಯುತ್ತನ್ನು ಬಿಡುತ್ತದೆ, ವಾಸನೆಯನ್ನು ಬಿಡುವುದಿಲ್ಲ. ಪೆಟ್ಟಿಗೆಯೊಳಗೆ ಹರಿಸಿದ ನೀರು ದೂರದ ಇನ್ನೊಂದು ಕಡೆ ಹೊರಹೋಗುತ್ತಿತ್ತು. ಹಸಿದ ಶಾರ್ಕ್ ವಾಸನೆ ಬರುವ ಕಡೆ ಹೋಗಲಿಲ್ಲ. ಮೀನು ಇದ್ದ ಜಾಗಕ್ಕೇ ನುಗ್ಗಿ ಮರಳು ಕೆದರಿತು.

ಎರಡನೇ ಸಲ ಜೀವಂತ ಮೀನಿನ ಬದಲು ಸತ್ತ ಮೀನಿನ ತುಂಡು ಇಟ್ಟರು. ಈಗ ಶಾರ್ಕ್ ನೀರು ಹೊರಬರುವ ತುದಿಯಲ್ಲಿ ವಾಸನೆ ಹುಡುಕುತ್ತಾ ಸುತ್ತಾಡಿತು, ಪೆಟ್ಟಿಗೆಯ ಗೊಡವೆಗೆ ಬರಲಿಲ್ಲ. ಮೂರನೇ ಸಲ ಮತ್ತೆ ಜೀವಂತ ಮೀನು, ಆದರೆ ಅಗರ್ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ ವಿದ್ಯುತ್ತನ್ನು ತಡೆಯಿತು. ಶಾರ್ಕ್ ಮೀನಿನ ತಲೆಯ ಮೇಲಿಂದಲೇ ಈಜಿ ಹೋಯಿತು, ಗೊತ್ತೇ ಆಗಲಿಲ್ಲ! ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಈ ಹಾಳೆ. ಕೊನೆಗೆ ಮೀನನ್ನೇ ತೆಗೆದು ಎರಡು ಎಲೆಕ್ಟ್ರೋಡ್ ಹೂತು ಮೀನಿನಷ್ಟೇ ವಿದ್ಯುತ್ ಹರಿಸಿದರು. ಶಾರ್ಕ್ ಎಲೆಕ್ಟ್ರೋಡನ್ನೇ ಅಗೆಯಿತು.

ಇದಕ್ಕೆ ಮಿತಿಯೂ ಇದೆ. ಇಷ್ಟು ಸೂಕ್ಷ್ಮವೆಂದ ಕೂಡಲೇ ಶಾರ್ಕ್ ಮೈಲಿ ದೂರದಿಂದ ಹೃದಯದ ಬಡಿತ ಕೇಳುತ್ತದೆ ಎಂದೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ. ಹಾಗಲ್ಲ. ಬೇಟೆಯ ವಿದ್ಯುತ್ತು ದೂರ ಹೋದಂತೆ ಬಹಳ ಬೇಗ ಇಳಿದುಹೋಗುತ್ತದೆ. ಕಾಲ್ಮಿನ್ ಅವರ ಶಾರ್ಕ್ ಮೀನನ್ನು ಗುರುತಿಸಿದ್ದು ಸುಮಾರು ಒಂದು ಗೇಣಿನೊಳಗೆ. ದೂರದಿಂದ ಕರೆತರುವುದು ವಾಸನೆ ಮತ್ತು ಶಬ್ದ. ಕೊನೆಯ ಗೇಣು ಮಾತ್ರ ಜೆಲ್ಲಿಯದು, ಅಷ್ಟರಲ್ಲಿ ಬೇಟೆ ಮೂತಿಯ ಕೆಳಗೆ ಸೇರಿ ಕಣ್ಣಿಗೂ ಕಾಣುವುದಿಲ್ಲ. ಮೋಸವೂ ಆಗುತ್ತದೆ. ಉಪ್ಪು ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವಾಗ ವಿದ್ಯುತ್ ಹುಟ್ಟುತ್ತದೆ. ಹಾಗಾಗಿ ಶಾರ್ಕ್ ಒಮ್ಮೊಮ್ಮೆ ಪಂಜರದ ಸರಳನ್ನೋ ದೋಣಿಯ ಲೋಹದ ಭಾಗವನ್ನೋ ಕಚ್ಚುತ್ತದೆ.

'ನಮ್ಮ ಭೀಮಾ ನದ್ಯಾಗ ಇಂಥವು ಇಲ್ಲೇನ್ರಿ ಸರ್?' ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇವೆ. ಮಾರ್ಕೆಟ್ಟಿಗೆ ಬರುವ ಮೀಸೆಯ ಕ್ಯಾಟ್‌ಫಿಶ್‌ಗಳ ಚರ್ಮದಲ್ಲೂ ಇಂಥದ್ದೇ ಪುಟ್ಟ ಗಂಟುಗಳಿವೆ, ಆದರೆ ಕೊಳವೆ ಎಷ್ಟು ಗಿಡ್ಡ ಎಂದರೆ ಬರಿಗಣ್ಣಿಗೆ ಸಿಗುವುದಿಲ್ಲ. ಸಿಹಿನೀರು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ, ಮೀನಿನ ಚರ್ಮವೇ ದೊಡ್ಡ ಅಡ್ಡಗೋಡೆ. ಹೊರಗೂ ಒಳಗೂ ಇರುವ ವ್ಯತ್ಯಾಸ ಚರ್ಮದ ಎರಡು ಬದಿಯಲ್ಲೇ ಸಿಗುತ್ತದೆ, ಉದ್ದದ ಕೊಳವೆ ಬೇಕಾಗುವುದಿಲ್ಲ. 1917ರಲ್ಲಿ ಪಾರ್ಕರ್ ಮತ್ತು ವಾನ್ ಹ್ಯೂಸನ್ ಎಂಬ ಇಬ್ಬರು ಕಣ್ಣು ಮುಚ್ಚಿದ ಕ್ಯಾಟ್‌ಫಿಶ್ ಹತ್ತಿರ ಗಾಜಿನ ಕಡ್ಡಿ ತಂದರು. ಮುಟ್ಟುವವರೆಗೂ ಅದು ಕದಲಲಿಲ್ಲ. ಲೋಹದ ಕಡ್ಡಿ ತಂದರೆ ಇನ್ನೂ ಕೆಲವು ಸೆಂಟಿಮೀಟರ್ ದೂರ ಇರುವಾಗಲೇ ಅದಕ್ಕೆ ಗೊತ್ತಾಗುತ್ತಿತ್ತು.