ಎಲ್‌ಎಂಟಿಡಿ ಲೆಕ್ಕದಲ್ಲಿ ಪೈಪಿನ ತುದಿ ನೋಡಿ, ಇನ್‌ಲೆಟ್ ಔಟ್‌ಲೆಟ್ ಅನ್ನೋ ಹೆಸರು ನೋಡ್ಬೇಡಿ

ಒಂದು ಪೈಪಿನೊಳಗೆ ಇನ್ನೊಂದು ಪೈಪಿರೋ ಡಬಲ್ ಪೈಪ್ ಹೀಟ್ ಎಕ್ಸ್‌ಚೇಂಜರ್ ಬೇಕು ಅಂತ ಕೇಳ್ಕೊಂಡು ಬರೋರು ಈಗ ಜೊತೆಗೆ ಒಂದು ಎಕ್ಸೆಲ್ ಶೀಟೂ ಕಳಿಸ್ತಾರೆ, ಡ್ಯೂಟಿ ಏರಿಯಾ ಎಲ್ಲಾ ನಾವೇ ಹಾಕಿದೀವಿ ಸರ್, ನೀವು ರೇಟ್ ಹೇಳಿ ಸಾಕು ಅಂತ. ನಾನು ಮೊದಲು ತೆಗೆಯೋದು ಎಲ್‌ಎಂಟಿಡಿ, ಅಂದ್ರೆ ಎರಡು ದ್ರವಗಳ ನಡುವಿನ ಟೆಂಪರೇಚರ್ ವ್ಯತ್ಯಾಸದ ಲಾಗ್ ಸರಾಸರಿ, ಇರೋ ಸೆಲ್ಲು. ಎಷ್ಟೋ ಸಲ ಅಲ್ಲೇ ತಪ್ಪಿರುತ್ತೆ, ಅದೂ ಪ್ರತಿ ಸಲ ಅದೇ ತಪ್ಪು. ಓದಿಕೊಂಡು ಬಂದಿರೋ ಹುಡುಗ್ರು ಕೂಡ ಮಾಡ್ತಾರೆ, ಅದಕ್ಕೇ ಬರೀತಿದೀನಿ.

ಹೋದ ಸಲ ಬಂದ ಲೆಕ್ಕಾನೇ ತಗೋಳೋಣ. ಟೊಲ್ವೀನ್ 90 ಡಿಗ್ರಿಯಿಂದ 50ಕ್ಕೆ ಇಳೀಬೇಕು, ಸೆಕೆಂಡಿಗೆ ಅರ್ಧ ಕೆಜಿ ಹರಿಯುತ್ತೆ. ಕೂಲಿಂಗ್ ಟವರ್ ನೀರು 30ಕ್ಕೆ ಬಂದು 45ಕ್ಕೆ ಹೋಗಬೇಕು. ಟೊಲ್ವೀನಿನ ಸ್ಪೆಸಿಫಿಕ್ ಹೀಟ್ ಈ ರೇಂಜಲ್ಲಿ ಸುಮಾರು 1.85 ಅಂದ್ರೆ ಡ್ಯೂಟಿ, ಅಂದ್ರೆ ತೆಗೀಬೇಕಾದ ಶಾಖ, 37 ಕಿಲೋವ್ಯಾಟ್, ಅದಕ್ಕೆ ನೀರು ಸೆಕೆಂಡಿಗೆ 0.59 ಕೆಜಿ ಬೇಕು, ಗಂಟೆಗೆ ಎರಡು ಸಾವಿರ ಲೀಟರಿಗಿಂತ ಸ್ವಲ್ಪ ಜಾಸ್ತಿ. ಇಲ್ಲಿವರೆಗೆ ಅವರ ಶೀಟ್ ಸರಿಯಾಗೇ ಇತ್ತು.

ಆಮೇಲೆ ಆ ಶೀಟ್ ಮಾಡಿದ ಹುಡುಗ ಏನು ಮಾಡಿದ್ದ ಅಂದ್ರೆ ಇನ್‌ಲೆಟ್ಟಿಂದ ಇನ್‌ಲೆಟ್ ಕಳೆದ, 90 ಮೈನಸ್ 30, ಅರವತ್ತು. ಔಟ್‌ಲೆಟ್ಟಿಂದ ಔಟ್‌ಲೆಟ್ ಕಳೆದ, 50 ಮೈನಸ್ 45, ಐದು. ಇದರಿಂದ ಎಲ್‌ಎಂಟಿಡಿ 22.1 ಬಂತು. ನೋಡೋಕೆ ನೀಟಾಗಿದೆ, ಆದ್ರೆ ಅದು ಪ್ಯಾರಲಲ್ ಫ್ಲೋ ಲೆಕ್ಕ, ಎರಡೂ ದ್ರವ ಒಂದೇ ಕಡೆಯಿಂದ ಹೊರಟರೆ ಮಾತ್ರ ಹೊಂದೋದು. ಅವನು ಕೇಳಿದ್ದು ಕೌಂಟರ್‌ಫ್ಲೋ, ಎರಡೂ ಎದುರುಬದುರಾಗಿ ಹರಿಯೋದು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಒಂದು ಹಾಳೆ ತಗೊಂಡು ಒಂದರ ಕೆಳಗೆ ಒಂದು ಎರಡು ಗೆರೆ ಎಳೀರಿ. ಮೇಲಿನದು ಟೊಲ್ವೀನ್, ಬಾಣ ಎಡದಿಂದ ಬಲಕ್ಕೆ, ಎಡ ತುದೀಲಿ 90, ಬಲ ತುದೀಲಿ 50. ಕೆಳಗಿನದು ನೀರು, ಬಾಣ ಬಲದಿಂದ ಎಡಕ್ಕೆ, ಹಾಗಾಗಿ ಬಲ ತುದೀಲಿ 30, ಎಡ ತುದೀಲಿ 45. ಈಗ ಎಡ ತುದೀಲಿ ನಿಂತು ಮೇಲೆ ಕೆಳಗೆ ನೋಡಿ, 90 ಮತ್ತು 45, ವ್ಯತ್ಯಾಸ 45. ಬಲ ತುದಿಗೆ ಹೋಗಿ, 50 ಮತ್ತು 30, ವ್ಯತ್ಯಾಸ 20. ಫಾರ್ಮುಲಾಗೆ ಹೋಗಬೇಕಾದ್ದು ಈ ಎರಡೇ. ಶಾಖ ದಾಟೋದು ಪೈಪಿನ ಗೋಡೆ ಮೂಲಕ, ಗೋಡೆಯ ಈ ಬದಿ ಆ ಬದಿ ಒಂದೇ ಜಾಗದಲ್ಲಿ ಏನಿದೆ ಅನ್ನೋದಷ್ಟೇ ಅದಕ್ಕೆ ಲೆಕ್ಕ. ಬಿಸಿ ಟೊಲ್ವೀನ್ ಒಳಗೆ ಬರೋ ಜಾಗದಲ್ಲಿ 30 ಡಿಗ್ರಿ ನೀರು ಇಲ್ಲವೇ ಇಲ್ಲ, ಅದು ಪೈಪಿನ ಇನ್ನೊಂದು ತುದೀಲಿದೆ. ಒಂದನ್ನೊಂದು ಮುಟ್ಟದೇ ಇರೋ ಎರಡು ಟೆಂಪರೇಚರ್ ಕಳೆದು ಏನು ಪ್ರಯೋಜನ? ಕೆಳಗಿನ ಲೆಕ್ಕದಲ್ಲಿ Q ಡ್ಯೂಟಿ, A ಏರಿಯಾ, U ಅಂದ್ರೆ ಒಂದು ಚದರ ಮೀಟರ್ ಗೋಡೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಶಾಖ ದಾಟಿಸುತ್ತೆ ಅನ್ನೋದು, ಇಲ್ಲಿ 350.

```
ΔT1 = 90 − 45 = 45
ΔT2 = 50 − 30 = 20
LMTD = (45 − 20) / ln(45/20) = 30.8
A = Q / (U × LMTD) = 37000 / (350 × 30.8) ≈ 3.43 m²
```

ಒಳಗಿನ ಪೈಪು ಒಂದೂವರೆ ಇಂಚಿನದು, ಹೊರ ವ್ಯಾಸ 48.3 ಮಿಲಿಮೀಟರ್, ಅಂದ್ರೆ ಮೀಟರಿಗೆ 0.152 ಚದರ ಮೀಟರ್ ಏರಿಯಾ ಸಿಗುತ್ತೆ. ಇಪ್ಪತ್ಮೂರು ಮೀಟರ್ ಹತ್ರ ಬೇಕು. ತಲಾ ಮೂರು ಮೀಟರಿನ ಎರಡು ಕಾಲಿರೋ ಹೇರ್‌ಪಿನ್ ಒಂದಕ್ಕೆ ಆರು ಮೀಟರ್, ನಾಲ್ಕು ಹೇರ್‌ಪಿನ್ ಸಾಕು. ಅವನ 22.1 ಹಾಕಿದ್ರೆ ಮೂವತ್ತೊಂದೂವರೆ ಮೀಟರ್ ಆಗಿ ಆರು ಹೇರ್‌ಪಿನ್‌ಗೆ ಹೋಗುತ್ತೆ. ಎರಡು ಹೇರ್‌ಪಿನ್ ದುಡ್ಡು ಸುಮ್ಮನೆ ಹೋಯ್ತು.

ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸರ್, ಸೇಫ್ ಸೈಡ್ ಅಂತ ಅಂದ ಅವನು. ಇಲ್ಲಪ್ಪ, ತಪ್ಪು ಯಾವಾಗ್ಲೂ ಸೇಫ್ ಸೈಡಿಗೇ ಬೀಳಲ್ಲ. ಅದೇ ಕಸ್ಟಮರ್ ಟೊಲ್ವೀನ್ 50 ಅಲ್ಲ 40ಕ್ಕೆ ಇಳಿಸಿ ಕೊಡಿ ಅಂದ್ರು ಅಂತ ಇಟ್ಕೊಳಿ. ಈಗ ನೀರು ಹೊರಗೆ ಹೋಗೋದು 45ಕ್ಕೆ, ಟೊಲ್ವೀನ್ ಹೊರಗೆ ಬರೋದು 40ಕ್ಕೆ, ತಣ್ಣಂದು ಬಿಸಿದಕ್ಕಿಂತ ಬಿಸಿಯಾಗಿ ಹೋಗ್ತಿದೆ. ಕೌಂಟರ್‌ಫ್ಲೋನಲ್ಲಿ ಇದು ಆರಾಮಾಗಿ ಆಗುತ್ತೆ, ತುದಿಗಳ ವ್ಯತ್ಯಾಸ 45 ಮತ್ತು 10, ಎಲ್‌ಎಂಟಿಡಿ 23.3. ಆದ್ರೆ ಇನ್‌ಲೆಟ್ ಮೈನಸ್ ಇನ್‌ಲೆಟ್ ಮಾಡಿದವನಿಗೆ 60 ಮತ್ತು ಮೈನಸ್ 5 ಬರುತ್ತೆ, ಎಕ್ಸೆಲ್ `#NUM!` ಅಂತ ತೋರಿಸುತ್ತೆ. ಪ್ಯಾರಲಲ್ ಫ್ಲೋನಲ್ಲಿ ಈ ಟೆಂಪರೇಚರ್ ಸಾಧ್ಯವೇ ಇಲ್ಲ ಅಂತ ಆ ಎರರ್ ಹೇಳ್ತಿರೋದು. ಅಲ್ಲಿ ನಿಂತು ಯೋಚನೆ ಮಾಡಬೇಕು. ಬದಲಿಗೆ ಲಾಗ್ ಒಳಗೆ `ABS` ಹಾಕಿ ಎರರ್ ಓಡಿಸಿರೋ ಶೀಟ್ ನಾನೇ ನೋಡಿದೀನಿ. ಹಾಗೆ ಮಾಡಿದ್ರೆ 26.2 ಬರುತ್ತೆ, ಇರಬೇಕಾದ್ದಕ್ಕಿಂತ ಜಾಸ್ತಿ, ಏರಿಯಾ ನೂರಕ್ಕೆ ಹನ್ನೊಂದರಷ್ಟು ಕಮ್ಮಿ ಬೀಳುತ್ತೆ. ಮೊದಲ ಸಲ ದುಡ್ಡು ಹೋಯ್ತು, ಈ ಸಲ ಎಕ್ಸ್‌ಚೇಂಜರೇ ಸಾಲಲ್ಲ.

ಲಾಗ್ ಯಾಕೆ, ಎರಡನ್ನೂ ಕೂಡಿ ಅರ್ಧ ಮಾಡಿದ್ರೆ ಆಗಲ್ವಾ ಅಂತಾನೂ ಕೇಳ್ತಾರೆ. 45 ಮತ್ತು 20ರ ಸರಾಸರಿ 32.5, ಲಾಗಿಂದ 30.8, ಇಲ್ಲಿ ಅಂಥಾ ದೊಡ್ಡ ವ್ಯತ್ಯಾಸ ಇಲ್ಲ. ಒಂದು ತುದೀಲಿ ಟೆಂಪರೇಚರ್ ವ್ಯತ್ಯಾಸ ಚಿಕ್ಕದಾದಷ್ಟೂ ಈ ಅಂತರ ದೊಡ್ಡದಾಗುತ್ತೆ, ಸರಾಸರಿ ಯಾವಾಗ್ಲೂ ಮೇಲೇ ಇರುತ್ತೆ, ಅಂದ್ರೆ ಏರಿಯಾ ಯಾವಾಗ್ಲೂ ಕಮ್ಮೀನೇ ಬರುತ್ತೆ. ಎರಡೂ ತುದೀಲಿ ವ್ಯತ್ಯಾಸ ಒಂದೇ ಬಂದ್ರೆ ಮಾತ್ರ ಎಕ್ಸೆಲ್ `#DIV/0!` ಅನ್ನುತ್ತೆ, ಗಾಬರಿ ಬೇಡ, ಆಗ ಆ ವ್ಯತ್ಯಾಸಾನೇ ಎಲ್‌ಎಂಟಿಡಿ.

ಕಾಗದದ ಮೇಲೆ ಸರಿಯಿದ್ದು ಸೈಟಲ್ಲಿ ತಪ್ಪೋದೂ ಇದೆ. ಮೇಲಿನ ಲೆಕ್ಕದ್ದೇ ನಾಲ್ಕು ಹೇರ್‌ಪಿನ್ ಕೂಲರ್ ಒಂದು ಸಣ್ಣ ಫ್ಯಾಕ್ಟರೀಲಿ ಒಂದು ವರ್ಷ ಚೆನ್ನಾಗಿ ಓಡ್ತಿತ್ತು, ಟೊಲ್ವೀನ್ 49ರ ಹತ್ರ ಬರ್ತಿತ್ತು. ಒಂದಿನ ಅವರ ಮೇಂಟೆನೆನ್ಸ್ ಅಣ್ಣ ಫೋನ್ ಮಾಡಿ, ಸರ್ 53ಕ್ಕಿಂತ ಕೆಳಗೆ ಇಳೀತಿಲ್ಲ, ಪಾಚಿ ಗಾರೆ ಕಟ್ಟಿರಬೇಕು, ಆಸಿಡ್ ಹಾಕಿ ತೊಳೆಸ್ಲಾ ಅಂದ್ರು. ತಡೀರಿ ಅಂತ ಹೋದೆ. ಕೂಲರನ್ನ ಶೆಡ್ಡಿನ ಆ ಮೂಲೆಯಿಂದ ಈ ಮೂಲೆಗೆ ಎತ್ತಿಟ್ಟಿದ್ರು, ಪ್ಲಂಬರ್ ಹತ್ತಿರ ಇರೋ ನಾಝಲ್‌ಗೆ ನೀರಿನ ಲೈನ್ ಕೊಟ್ಟಿದ್ದ. ನೀರು ಒಳಗೆ ಹೋಗೋ ಪೈಪ್ ಮುಟ್ಟಿದೆ, ತಣ್ಣಗಿತ್ತು. ಅದರ ಪಕ್ಕದಲ್ಲೇ ಇದ್ದ ಟೊಲ್ವೀನ್ ನಾಝಲ್ಲಿನ ಥರ್ಮಾಮೀಟರ್ 90 ತೋರಿಸ್ತಿತ್ತು. ತಣ್ಣಗಿರೋ ನೀರು ಒಳಗೆ ಬರೋ ಕಡೇನೇ ಬಿಸಿ ಟೊಲ್ವೀನೂ ಒಳಗೆ ಬರ್ತಿದ್ರೆ ಅದು ಪ್ಯಾರಲಲ್, ಬೇರೆ ಪರೀಕ್ಷೆ ಬೇಕಿಲ್ಲ. ಅದೇ ಏರಿಯಾ, ಅದೇ ಫ್ಲೋ, ಪ್ಯಾರಲಲ್ ಅಂತ ಲೆಕ್ಕ ಹಾಕಿದ್ರೂ 53ರ ಹತ್ರಾನೇ ಬರುತ್ತೆ, ಗಾರೆ ಮೇಲೆ ಅನುಮಾನ ಪಡೋಕೆ ಕಾರಣಾನೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಯು ಬಗ್ಗೆ ಎಚ್ಚರಿಕೆ ಹೇಳ್ಲೇಬೇಕು. 350 ಅನ್ನೋದು ತೆಳ್ಳಗಿನ ಟೊಲ್ವೀನ್ ಒಳ ಪೈಪಲ್ಲಿ ಜೋರಾಗಿ ಹರಿದು, ಹೊರಗಿನ ಸಂದೀಲಿ ನೀರು ಓಡೋ ಈ ಒಂದು ಕೇಸಿಗೆ, ಗೋಡೆಗೆ ಕೊಳೆ ಕಟ್ಟೋ ಫೌಲಿಂಗ್ ಸೇರಿಸಿ ತೆಗೆದಿದ್ದು. ಇದನ್ನೇ ಎತ್ಕೊಂಡು ಹೋಗಿ ಗೇರ್ ಆಯಿಲ್‌ಗೆ ಹಾಕ್ಬೇಡಿ. ದಪ್ಪ ಎಣ್ಣೆ ಇಂಥ ಪೈಪಲ್ಲಿ ಲ್ಯಾಮಿನಾರ್ ಆಗೇ, ಅಂದ್ರೆ ಕಲಸದೇ ಪದರ ಪದರವಾಗಿ ಹರಿಯುತ್ತೆ, ಯು ನೂರಕ್ಕಿಂತ ಕೆಳಗೂ ಇಳೀಬಹುದು, ತಣ್ಣಗಾಗ್ತಾ ಇನ್ನೂ ದಪ್ಪ ಆಗಿ ಪೈಪಿನ ಉದ್ದಕ್ಕೂ ಬದಲಾಗ್ತಾ ಹೋಗುತ್ತೆ. ಎಲ್‌ಎಂಟಿಡಿ ನಿಂತಿರೋದೇ ಯು ಉದ್ದಕ್ಕೂ ಒಂದೇ ಅನ್ನೋ ಊಹೆ ಮೇಲೆ, ಹಾಗಾಗಿ ಅಂಥ ಕಡೆ ಪೈಪನ್ನ ಎರಡು ಮೂರು ಭಾಗ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ ಹಾಕಿ.

ಆ ಫ್ಯಾಕ್ಟರೀಲಿ ನೀರಿನ ಎರಡು ಲೈನ್ ಅದಲು ಬದಲು ಮಾಡೋಕೆ ಅರ್ಧ ದಿನ ಹಿಡೀತು, ಸಂಜೆಗೆ 49ಕ್ಕೆ ಬಂತು. ಹೊರಡೋ ಮುಂಚೆ ಪೈಪಿನ ಮೇಲೆ ಟೊಲ್ವೀನಿಗೆ ಕೆಂಪು ಬಾಣ, ನೀರಿಗೆ ನೀಲಿ ಬಾಣ ಪೇಂಟ್ ಮಾಡಿಸಿ ಬಂದೆ, ಎರಡೂ ಎದುರುಬದುರಾಗಿ.